500 ಅಕ್ಷರದಲ್ಲಿ ಒಂದು ಅಲಾರಂ

ಪ್ಲೇ ಸ್ಟೋರ್‌ನಲ್ಲಿ ಯಾವುದಾದರೂ ಆ್ಯಪ್‌ನ ಪುಟ ತೆರೆದು ಸ್ವಲ್ಪ ಕೆಳಗೆ ಹೋದರೆ What's new ಅನ್ನುವ ಸಣ್ಣ ಜಾಗ ಸಿಗುತ್ತದೆ. ಅಲ್ಲಿ ಹೆಚ್ಚಾಗಿ ಇರುವುದು ಒಂದೇ ಸಾಲು: Bug fixes and performance improvements. ದೋಷ ಸರಿಮಾಡಿದ್ದೇವೆ, ಆ್ಯಪ್ ಚುರುಕಾಗಿದೆ ಅಂತ ಅರ್ಥ. ಯಾವ ದೋಷ, ಯಾರಿಗೆ ತೊಂದರೆ ಕೊಡ್ತಿತ್ತು, ಈಗ ನಾವೇನಾದರೂ ಮಾಡಬೇಕಾ, ಒಂದೂ ಗೊತ್ತಾಗಲ್ಲ. ಕರೆಂಟ್ ಹೋದಾಗ ಫೋನ್ ಮಾಡಿದರೆ 'ಕೆಲಸ ನಡೀತಿದೆ' ಅಂತಾರಲ್ಲ, ಅದೇ ಜಾತಿಯ ಉತ್ತರ.

ಈ ಜಾಗಕ್ಕೆ ಬರೆಯೋದು ನನ್ನ ಕೆಲಸದ ಒಂದು ಭಾಗ. ಮಾತ್ರೆ ತಗೊಳ್ಳೋ ಹೊತ್ತನ್ನು ನೆನಪಿಸುವ ಒಂದು ಆ್ಯಪ್‌ಗೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಬಟನ್ ಮೇಲಿನ ಪದ, ತಪ್ಪಾದಾಗ ಬರುವ ಸಂದೇಶ, ಜೊತೆಗೆ ಪ್ರತಿ ಅಪ್‌ಡೇಟ್‌ನ ಈ ನಾಲ್ಕು ಸಾಲು.

ಎಲ್ಲರೂ ಆ ಒಂದೇ ಸಾಲು ಹಾಕೋದು ಬರೀ ಸೋಮಾರಿತನದಿಂದ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅರ್ಧ ಮಾತ್ರ ನಿಜ. ಎರಡು ವಾರಕ್ಕೊಮ್ಮೆ ಅಪ್‌ಡೇಟ್ ಬಿಡುವ ಆ್ಯಪ್‌ಗಳಲ್ಲಿ ಹೊಸ ಸೌಲಭ್ಯ ಒಳಗೆ ಬಂದಿರುತ್ತದೆ, ಆದರೆ ಅದರ ಸ್ವಿಚ್ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಇವತ್ತು ಕೆಲವರಿಗೆ ಆನ್, ಸರಿಯಿದ್ದರೆ ಮುಂದಿನ ವಾರ ಉಳಿದವರಿಗೆ. 'ಹೊಸ ಸೌಲಭ್ಯ ಬಂದಿದೆ' ಅಂತ ಬರೆದರೆ ಓದಿದವರಲ್ಲಿ ಎಷ್ಟೋ ಜನ ಹುಡುಕಿ ಸಿಗದೆ ಬೈಯುತ್ತಾರೆ. ಇನ್ನು ಭದ್ರತೆಯ ತೂತು ಮುಚ್ಚಿದ್ದರೆ, ಎಲ್ಲರೂ ಅಪ್‌ಡೇಟ್ ಮಾಡಿಕೊಳ್ಳುವ ಮೊದಲೇ ತೂತು ಎಲ್ಲಿತ್ತು ಅಂತ ಸಾರಿ ಹೇಳೋಕಾಗಲ್ಲ. ಹೀಗಾಗಿ ಏನೂ ಹೇಳದ ಸಾಲು ಎಲ್ಲರಿಗೂ ಅನುಕೂಲ. ಆದರೆ ಕೆಲವು ಅಪ್‌ಡೇಟ್‌ಗಳಲ್ಲಿ ಆ ಸಾಲು ಹಾಕಿ ಕೈತೊಳೆದುಕೊಂಡರೆ ಯಾರಿಗೋ ಪೆಟ್ಟು ಬೀಳುತ್ತದೆ. ಅಂಥದ್ದೊಂದನ್ನು ಹೇಳುತ್ತೇನೆ.

ಅವತ್ತು ಡೆವಲಪರ್ ಹುಡುಗ ಕಳಿಸಿದ ಟಿಪ್ಪಣಿ ಇಷ್ಟೇ ಇತ್ತು:

```
Handle SCHEDULE_EXACT_ALARM denied on Android 14.
Show banner. Minor fixes.
```

ನನಗೆ ಅರ್ಥವಾಗುವ ಹಾಗೆ ಹೇಳು ಮಾರಾಯ ಅಂತ ಅವನ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಅವನು ಹೇಳಿದ್ದು ಇದು. ಆಂಡ್ರಾಯ್ಡ್‌ನಲ್ಲಿ ಅಲಾರಂ ಎರಡು ಥರ. ಒಂದು, 8 ಗಂಟೆ ಅಂದರೆ 8ಕ್ಕೇ ಹೊಡೆಯುವುದು. ಇನ್ನೊಂದು, 8ರ ಸುಮಾರಿಗೆ ಫೋನ್‌ಗೆ ಅನುಕೂಲವಾದಾಗ ಹೊಡೆಯುವುದು. ಎರಡನೆಯದರಲ್ಲಿ ಬ್ಯಾಟರಿ ಉಳಿಯುತ್ತದೆ, ಯಾಕೆಂದರೆ ಮಲಗಿರುವ ಫೋನನ್ನು ಪ್ರತಿ ಆ್ಯಪ್‌ಗೂ ಬೇರೆ ಬೇರೆ ಎಬ್ಬಿಸದೆ ಹತ್ತಾರು ಕೆಲಸ ಒಟ್ಟಿಗೆ ಮುಗಿಸಬಹುದು. 2023ರಲ್ಲಿ ಆಂಡ್ರಾಯ್ಡ್ 14 ಬಂದಾಗ ಗೂಗಲ್ ನಿಯಮ ಬಿಗಿ ಮಾಡಿತು. ಹೊಸದಾಗಿ ಇನ್‌ಸ್ಟಾಲ್ ಆದ ಆ್ಯಪ್‌ಗಳಲ್ಲಿ ಹೆಚ್ಚಿನವಕ್ಕೆ ಕರಾರುವಾಕ್ಕಾದ ಅಲಾರಂನ ಅನುಮತಿ ತಾನಾಗಿ ಸಿಗುವುದಿಲ್ಲ. ಫೋನ್ ಇಟ್ಟುಕೊಂಡವರೇ ಕೊಡಬೇಕು. ಗಡಿಯಾರ, ಕ್ಯಾಲೆಂಡರ್ ಆ್ಯಪ್‌ಗಳಿಗೆ ಬೇರೆ ದಾರಿಯಿದೆ. ನಮ್ಮದರಲ್ಲಿ ರಿಪೋರ್ಟ್ ಇಡುವುದು, ಮಾತ್ರೆ ತರಿಸುವುದು ಎಲ್ಲ ಇರುವುದರಿಂದ ಆ ದಾರಿ ಹಿಡಿಯುವುದು ಬೇಡ ಅಂತ ತೀರ್ಮಾನವಾಗಿತ್ತು.

'ಹಾಗಾದ್ರೆ ಈಗಾಗಲೇ ಇಟ್ಕೊಂಡಿರೋರಿಗೆ?' ಅಂತ ಕೇಳಿದೆ.

'ಹಳೇ ಫೋನ್‌ನಲ್ಲೇ 13ರಿಂದ 14ಕ್ಕೆ ಬಂದೋರಿಗೆ ಅನುಮತಿ ಹಾಗೇ ಉಳಿಯುತ್ತೆ ಮೇಡಂ. ಹೊಸ ಫೋನ್ ತಗೊಂಡು ಹಳೇದರಿಂದ ಎಲ್ಲ ಕಾಪಿ ಮಾಡ್ಕೊಂಡೋರಿಗೆ ಉಳಿಯಲ್ಲ.'

ಇಡೀ ವಿಷಯ ಇದ್ದದ್ದು ಆ ಎರಡನೇ ವಾಕ್ಯದಲ್ಲಿ. ಟಿಪ್ಪಣಿಯಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ.

ಯೋಚನೆ ಮಾಡಿ ನೋಡಿ. ಊರಲ್ಲಿರುವ ಅಮ್ಮನಿಗೆ ಮಗ ಹಬ್ಬಕ್ಕೆ ಹೊಸ ಫೋನ್ ತಂದುಕೊಡುತ್ತಾನೆ. ಹಳೇ ಫೋನ್ ಪಕ್ಕದಲ್ಲಿಟ್ಟು ಎಲ್ಲವನ್ನೂ ಕಾಪಿ ಮಾಡುತ್ತಾನೆ. ಫೋಟೋ ಬಂತು, ನಂಬರ್‌ಗಳು ಬಂದವು, ನಮ್ಮ ಆ್ಯಪೂ ಬಂತು. ತೆರೆದರೆ ಬಿ.ಪಿ. ಮಾತ್ರೆ, ಥೈರಾಯ್ಡ್ ಮಾತ್ರೆ, ಹೊತ್ತು ಎಲ್ಲ ಇದ್ದ ಹಾಗೇ ಇದೆ. ಮಗ ನೆಮ್ಮದಿಯಿಂದ ಬೆಂಗಳೂರಿನ ಬಸ್ ಹತ್ತುತ್ತಾನೆ. ಬರದೇ ಇದ್ದದ್ದು ಅನುಮತಿ ಒಂದೇ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಮಾರನೇ ದಿನದಿಂದ ಅಲಾರಂ ಒಂದು ದಿನ ಸರಿಯಾಗಿ ಹೊಡೆಯುತ್ತದೆ, ಇನ್ನೊಂದು ದಿನ ತಡವಾಗುತ್ತದೆ. ರಾತ್ರಿಯೆಲ್ಲ ಮುಟ್ಟದೆ ಮೇಜಿನ ಮೇಲಿಟ್ಟ ಫೋನ್ ಆದರೆ, ಬೆಳಿಗ್ಗೆ ಕೈಗೆತ್ತಿಕೊಂಡ ಮೇಲೇ ಅಲಾರಂ ಬರುವುದೂ ಉಂಟು. ತೊಂದರೆ ಇದೇ ಅಂತ ಗುರುತಿಸುವ ಲಕ್ಷಣವೂ ಅದೇ: ಆ್ಯಪ್ ಕೆಟ್ಟಿಲ್ಲ, ಪಟ್ಟಿ ಸರಿಯಾಗಿದೆ, ಅಲಾರಂ ಮಾತ್ರ ಫೋನ್ ಎತ್ತಿಕೊಂಡಾಗ ಹೊಡೆಯುತ್ತದೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಸಾಕಷ್ಟು ಮೊದಲೇ ತಗೊಳ್ಳಬೇಕು ಅಂತಾರೆ. ಅಲಾರಂ ಕಾಯ್ತಾ ಕೂತವರು ಕಾಫಿ ಕುಡಿದೇ ಬಿಟ್ಟಿರುತ್ತಾರೆ.

ನಮ್ಮ ಹಳೇ ಆವೃತ್ತಿ, ಅನುಮತಿ ಇಲ್ಲದಿದ್ದರೆ ಸದ್ದಿಲ್ಲದೆ ಎರಡನೇ ಥರದ ಅಲಾರಂ ಇಡುತ್ತಿತ್ತು. ಹೊಸದು ಅನುಮತಿ ಇದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಮೇಲ್ಗಡೆ ಹಳದಿ ಬಣ್ಣದಲ್ಲಿ ಹೇಳುತ್ತದೆ. ಒತ್ತಿದರೆ ಸೆಟ್ಟಿಂಗ್ಸ್‌ನ Alarms & reminders ಪುಟಕ್ಕೇ ಕರೆದುಕೊಂಡು ಹೋಗುತ್ತದೆ. ಅಪ್‌ಡೇಟ್ ಅಂದರೆ ಇಷ್ಟೇ. ಇದನ್ನು ಬರೆಯಬೇಕಿತ್ತು.

ಇಂಥದ್ದನ್ನು ಬರೆಯುವಾಗ ನಾನು ಮೊದಲು ಕೇಳಿಕೊಳ್ಳೋದು 'ನಾವು ಏನು ಮಾಡಿದೆವು' ಅಂತಲ್ಲ, 'ಇದು ಯಾರಿಗೆ' ಅಂತ. ಇಲ್ಲಿ ಎಲ್ಲರಿಗೂ ಅಲ್ಲ, ಹೊಸ ಫೋನ್ ತಗೊಂಡವರಿಗೆ ಮತ್ತು ಆ್ಯಪ್ ಹೊಸದಾಗಿ ಹಾಕಿಕೊಂಡವರಿಗೆ. ಉಳಿದವರು ಮೊದಲ ಸಾಲಿನಲ್ಲೇ 'ಇದು ನನಗಲ್ಲ' ಅಂತ ಬಿಟ್ಟುಬಿಡುವ ಹಾಗಿರಬೇಕು. ಇಲ್ಲದಿದ್ದರೆ ಏನೂ ತೊಂದರೆ ಇಲ್ಲದವರು ಸೆಟ್ಟಿಂಗ್ಸ್‌ಗೆ ಹೋಗಿ ಇರುವ ಅನುಮತಿಯನ್ನೇ ಆಫ್ ಮಾಡಿ ಬರುತ್ತಾರೆ.

ಇನ್ನೊಂದು ಕಷ್ಟ ಜಾಗದ್ದು. ಪ್ಲೇ ಸ್ಟೋರ್ ಒಂದೊಂದು ಭಾಷೆಗೆ 500 ಅಕ್ಷರ ಕೊಡುತ್ತದೆ. ಐಫೋನ್‌ನ ಆ್ಯಪ್ ಸ್ಟೋರ್ ಧಾರಾಳಿ, 4,000. 500 ಸಾಕಲ್ಲ ಅನಿಸಬಹುದು. ಆದರೆ ಕಂಪ್ಯೂಟರ್ ಎಣಿಸುವ ಅಕ್ಷರ ಬೇರೆ, ನಾವು ಶಾಲೆಯಲ್ಲಿ ಕಲಿತ ಅಕ್ಷರ ಬೇರೆ. 'ಮಾತ್ರೆ' ಅನ್ನುವುದು ನಮಗೆ ಎರಡಕ್ಷರ. ಯುನಿಕೋಡ್ ಲೆಕ್ಕದಲ್ಲಿ ಆರು: ಮ, ದೀರ್ಘ, ತ, ಅದರ ಅರ್ಧಾಕ್ಷರದ ಗುರುತು, ರ, ಎತ್ವ. 'ಫೋನ್‌ನಲ್ಲಿ' ಅಂತ ಬರೆದರೆ ನ್ ಮತ್ತು ನ ಒತ್ತಕ್ಷರವಾಗಿ ಅಂಟದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂರುತ್ತದೆ, ಅದಕ್ಕೂ ಒಂದು ಲೆಕ್ಕ. ಹಾಗಾಗಿ ಇಂಗ್ಲಿಷಿನದನ್ನು ಸಾಲು ಸಾಲಾಗಿ ಕನ್ನಡಕ್ಕೆ ಇಳಿಸಲು ಹೋದರೆ ಕೊನೇ ಸಾಲಿಗೆ ಜಾಗ ಸಾಲದೇ ಹೋಗಬಹುದು. ಮುಖ್ಯವಾದದ್ದು ಕೊನೆಯಲ್ಲಿದ್ದರೆ ಮುಗಿಯಿತು.

ಬರೆದದ್ದನ್ನು ನಾನು ಅಕೌಂಟ್ಸ್‌ನ ಮೇಡಂಗೆ ಓದಿ ಹೇಳುತ್ತೇನೆ. ಅವರಿಗೆ ಆ್ಯಪ್‌ನ ಒಳಗುಟ್ಟು ಗೊತ್ತಿಲ್ಲ, ಮುಖಸ್ತುತಿಯೂ ಗೊತ್ತಿಲ್ಲ. 'ಮೇಲೆ ಹಳದಿ ಪಟ್ಟಿ ಕಾಣುತ್ತದೆ, ಅದನ್ನು ಒತ್ತಿ' ಅಂತ ಓದಿದ್ದೇ ತಡ, 'ಯಾವ ಪಟ್ಟಿ ಕಣಮ್ಮಾ? ಮಾತ್ರೆ ಪಟ್ಟಿನಾ?' ಅಂದರು. ಸರಿಯಾದ ಮಾತು. ಕನ್ನಡದಲ್ಲಿ ಬಣ್ಣದ ಪಟ್ಟಿಯೂ ಪಟ್ಟಿಯೇ, ಸಾಮಾನಿನ ಪಟ್ಟಿಯೂ ಪಟ್ಟಿಯೇ. ಅದು 'ಹಳದಿ ಸಂದೇಶ' ಆಯಿತು. ಮುಂದಕ್ಕೆ ಓದಿದೆ. 'ಅಯ್ಯೋ, ನಾನು ಹಾಕಿಟ್ಟಿದ್ದೆಲ್ಲ ಅಳಿಸಿಹೋಗುತ್ತಾ?' ಅಂದರು. ಅಪ್‌ಡೇಟ್ ಅಂದಕೂಡಲೇ ಹುಟ್ಟುವ ಭಯ ಇದು. ಡೆವಲಪರ್‌ಗಳ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರ ಸಿಗಲ್ಲ, ಯಾಕೆಂದರೆ ಬದಲಾಗದೇ ಇರುವುದನ್ನು ಅವರು ಬರೆಯುವುದೇ ಇಲ್ಲ.

ಕೊನೆಗೆ ಹೊರಗೆ ಹೋದದ್ದು ಹೀಗಿತ್ತು:

'ಹೊಸ ಫೋನ್ ತಗೊಂಡಿದ್ದೀರಾ? ಆಂಡ್ರಾಯ್ಡ್ 14 ಅಥವಾ ಅದಕ್ಕಿಂತ ಹೊಸದಿರುವ ಫೋನ್‌ನಲ್ಲಿ ಮಾತ್ರೆಯ ಅಲಾರಂ ತಡವಾಗಿ ಹೊಡೆಯಬಹುದು. ಸರಿಯಾದ ಹೊತ್ತಿಗೆ ಹೊಡೆಯಲು ನೀವು ಒಮ್ಮೆ ಅನುಮತಿ ಕೊಡಬೇಕು. ಆ್ಯಪ್ ತೆರೆದಾಗ ಮೇಲೆ ಹಳದಿ ಸಂದೇಶ ಕಂಡರೆ ಅದನ್ನು ಒತ್ತಿ, ಮುಂದಿನ ಪುಟದಲ್ಲಿ ಸ್ವಿಚ್ ಆನ್ ಮಾಡಿ. ಸಂದೇಶ ಕಾಣದಿದ್ದರೆ ನೀವೇನೂ ಮಾಡಬೇಕಿಲ್ಲ. ನಿಮ್ಮ ಮಾತ್ರೆಗಳ ಪಟ್ಟಿ, ಹೊತ್ತು ಯಾವುದೂ ಬದಲಾಗಿಲ್ಲ.'

500ರ ಒಳಗೇ ಮುಗಿಯಿತು. ಆಫೀಸಿನಲ್ಲಿ ಸ್ವಲ್ಪ ಗೊಣಗಾಟವಾಯಿತು. 'ತಡವಾಗಿ ಹೊಡೆಯಬಹುದು' ಅಂತ ನಾವೇ ಯಾಕೆ ಹೇಳಿಕೊಳ್ಳಬೇಕು, 'ಅಲಾರಂ ಈಗ ಇನ್ನೂ ಉತ್ತಮ' ಅಂತ ಹಾಕಿದರಾಗದೇ ಅಂತ ಒಬ್ಬರು ಕೇಳಿದರು. ಹಾಗೆ ಹಾಕಿದರೆ ಸುಳ್ಳಾಗುತ್ತಿತ್ತು, ಅನುಮತಿ ಕೊಡುವವರೆಗೂ ಅಲಾರಂ ಮೊದಲಿನಷ್ಟೇ ತಡ. ಅದಕ್ಕಿಂತ ಹೆಚ್ಚಾಗಿ, 'ಉತ್ತಮ' ಅಂತ ಓದಿದವರು ಸ್ವಿಚ್ ಹುಡುಕಿಕೊಂಡು ಹೋಗುವುದಿಲ್ಲ. ಡೆವಲಪರ್ ಹುಡುಗ ನನ್ನ ಪರ ಮಾತಾಡಿದ. ಸಾಲು ಉಳಿಯಿತು.

ಇಷ್ಟೆಲ್ಲ ಮಾಡಿದರೂ ಇದನ್ನು ಓದುವವರು ಕಡಿಮೆ ಅಂತ ನನಗೂ ಗೊತ್ತು. ಫೋನ್‌ನಲ್ಲಿ ಆಟೋ ಅಪ್‌ಡೇಟ್ ಆನ್ ಇದ್ದರೆ ರಾತ್ರಿ ಚಾರ್ಜ್‌ಗೆ ಹಾಕಿದಾಗ ಹೊಸ ಆವೃತ್ತಿ ಬಂದು ಕೂತಿರುತ್ತದೆ, ಪುಟ ತೆರೆದು ನೋಡುವ ಪ್ರಶ್ನೆಯೇ ಇಲ್ಲ. ಮತ್ತೆ, ನಾನು ಕನ್ನಡದಲ್ಲಿ ಬರೆದದ್ದು ಕಾಣುವುದು ಕನ್ನಡದಲ್ಲಿ ಫೋನ್ ಇಟ್ಟುಕೊಂಡವರಿಗೆ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡದ ಎಷ್ಟೋ ಅಮ್ಮಂದಿರ ಫೋನ್ ಅಂಗಡಿಯವನು ಇಟ್ಟುಕೊಟ್ಟ ಇಂಗ್ಲಿಷಿನಲ್ಲೇ ಇರುತ್ತದೆ. ಅದಕ್ಕೇ ಇಂಗ್ಲಿಷಿನ ಟಿಪ್ಪಣಿಯಲ್ಲೂ permission, switch on ಅನ್ನುವಷ್ಟು ಸಲೀಸು ಪದಗಳೇ. ಆ್ಯಪ್ ಒಳಗಿನ ಹಳದಿ ಸಂದೇಶಕ್ಕಂತೂ ಇನ್ನೂ ಹೆಚ್ಚು ಹೊತ್ತು ಕೊಟ್ಟೆವು. ಫೋನ್ ಇಂಗ್ಲಿಷಿನಲ್ಲಿದ್ದರೂ ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡಿದ್ದರೆ ಅದು ಕನ್ನಡದಲ್ಲೇ ಬರುತ್ತದೆ: 'ನಿಮ್ಮ ಅಲಾರಂ ತಡವಾಗಬಹುದು. ಸರಿಮಾಡಲು ಇಲ್ಲಿ ಒತ್ತಿ.' ಪಕ್ಕದಲ್ಲಿ ಮುಚ್ಚುವ ಗುರುತು ಹಾಕಲಿಲ್ಲ. ಅನುಮತಿ ಸಿಗುವವರೆಗೂ ಅದು ಅಲ್ಲೇ ಇರುತ್ತದೆ.

ಟಿಪ್ಪಣಿಯನ್ನು ನಿಜವಾಗಿ ಓದಿದವರು ನಮ್ಮ ಸಪೋರ್ಟ್‌ನವರು ಅಂತ ಆಮೇಲೆ ಗೊತ್ತಾಯಿತು. 'ಅಲಾರಂ ಲೇಟಾಗಿ ಬರ್ತಿದೆ' ಅಂತ ಯಾರಾದರೂ ಫೋನ್ ಮಾಡಿದರೆ ಅವರು ಮೊದಲು ಕೇಳುತ್ತಿದ್ದದ್ದು 'ಆ್ಯಪ್ ತೆಗೆದು ಮತ್ತೆ ಹಾಕಿ ನೋಡಿದ್ರಾ?' ಅಂತ. ಆಂಡ್ರಾಯ್ಡ್ 14ರಲ್ಲಿ ಹಾಗೆ ಮಾಡಿದರೆ ಇದ್ದ ಅನುಮತಿಯೂ ಹೋಗುತ್ತದೆ. ಈಗ ಅವರ ಮೊದಲ ಪ್ರಶ್ನೆ, 'ಇತ್ತೀಚೆಗೆ ಹೊಸ ಫೋನ್ ತಗೊಂಡ್ರಾ ಅಮ್ಮಾ?'

ಅದರ ಮುಂದಿನ ಅಪ್‌ಡೇಟ್‌ನಲ್ಲಿ ಬದಲಾದದ್ದು ಒಂದು ಕಾಗುಣಿತ ಮಾತ್ರ. 'ಒಂದು ಪದದ ಕಾಗುಣಿತ ತಿದ್ದಿದ್ದೇವೆ. ಬೇರೇನೂ ಬದಲಾಗಿಲ್ಲ' ಅಂತ ಬರೆದು ಕಳಿಸಿದೆ.