ಜೋಡಿ ಬಿಡುವ ಹೊತ್ತು

ನಾನು ಪುಣೆಯಲ್ಲಿ ಕ್ರೋಮೋಸೋಮ್ ಪರೀಕ್ಷೆಯ ಕೆಲಸಕ್ಕೆ ಸೇರಿದಾಗ ನಮ್ಮ ಮುಖ್ಯ ಸಲಕರಣೆಗಳೆಂದರೆ ಸೂಕ್ಷ್ಮದರ್ಶಕ, ಕತ್ತಲೆಕೋಣೆ, ಕತ್ತರಿ ಮತ್ತು ಗೋಂದು. ಒಂದು ಜೀವಕೋಶದ ಫೋಟೋ ತೊಳೆದು ಒಣಗಿಸಿ, ಅದರಲ್ಲಿ ಚೆಲ್ಲಾಡಿದ್ದ 46 ಕ್ರೋಮೋಸೋಮ್‌ಗಳನ್ನು ಒಂದೊಂದಾಗಿ ಕತ್ತರಿಸಿ, ಉದ್ದಕ್ಕೂ ಪಟ್ಟೆಗೂ ತಕ್ಕಂತೆ ಜೋಡಿ ಮಾಡಿ ಹಾಳೆಗೆ ಅಂಟಿಸುತ್ತಿದ್ದೆವು. ನಾವು ಮನೆ ಹಿಡಿದಿದ್ದ ವಾಕಡ ಆಗ ಹೊಲಗಳ ಊರು. 1997ರಲ್ಲಿ ಪಿಂಪ್ರಿ-ಚಿಂಚವಡ ಪಾಲಿಕೆಗೆ ಸೇರಿದ್ದರೂ ಹೆದ್ದಾರಿಯ ಬದಿಯಲ್ಲಿ ಜೋಳ ನಿಂತಿರುತ್ತಿತ್ತು. ನಮಗೆ ಅಲ್ಲಿ ಮನೆ ಹಿಡಿಯಲು ಎರಡು ಕಾರಣ: ಬಾಡಿಗೆ ಕಡಿಮೆ, ಮತ್ತು ಧಾರವಾಡಕ್ಕೆ ಹೋಗುವ ರಾತ್ರಿ ಬಸ್ಸನ್ನು ವಾಕಡ ಸೇತುವೆಯ ಹತ್ತಿರವೇ ಹತ್ತಬಹುದಿತ್ತು.

ನಮ್ಮ ಕೆಲಸವೆಲ್ಲ ನಿಂತಿದ್ದದ್ದು ಒಂದು ಚಿಕ್ಕ ತಡೆಯ ಮೇಲೆ. ರಕ್ತದ ಬಿಳಿ ಕಣಗಳನ್ನು 37 ಡಿಗ್ರಿಯಲ್ಲಿ 72 ಗಂಟೆ ಬೆಳೆಸುತ್ತೇವೆ. ಕೊನೆಯ ಅರ್ಧ-ಮುಕ್ಕಾಲು ಗಂಟೆಗೆ ಕೊಲ್ಸೆಮಿಡ್ ಎಂಬ ಔಷಧಿ ಹಾಕುತ್ತೇವೆ. ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯಬೇಕಾದ ನೂಲುಗಳು ಈ ಔಷಧಿಯಿಂದ ಕಟ್ಟಿಕೊಳ್ಳುವುದೇ ಇಲ್ಲ. ಕೋಶ ಇಬ್ಭಾಗವಾಗುವ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಪ್ರತಿ ಕ್ರೋಮೋಸೋಮ್ ಆ ಹೊತ್ತಿಗೆ ತನ್ನ ನಕಲನ್ನು ಮಾಡಿಕೊಂಡು, ಎರಡು ಸೋದರಿ ಎಳೆಗಳಾಗಿ ಕೂಡಿಕೊಂಡಿರುತ್ತದೆ. ನಮಗೆ ಬೇಕಾದ ಚಿತ್ರ ಅದೇ.

ಔಷಧಿ ಹೆಚ್ಚು ಹೊತ್ತು ಉಳಿದರೆ ಏನಾಗುತ್ತದೆಂದು ಬೆಂಚಿನ ಮೇಲೆ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಕ್ರೋಮೋಸೋಮ್ ಮೋಟಾಗಿ ದಪ್ಪಗಾಗುತ್ತದೆ, ಪಟ್ಟೆ ಕಾಣುವುದಿಲ್ಲ, ತೋಳುಗಳು ಅಗಲವಾಗಿ ಬಿಚ್ಚಿ ನಡುವೆ ಮಾತ್ರ ಅಂಟಿಕೊಂಡಿರುತ್ತವೆ. ಪಠ್ಯಪುಸ್ತಕದ ಎಕ್ಸ್ ಆಕಾರ ಅಚ್ಚುಕಟ್ಟಾಗಿ ಮೂಡುವುದು ಹೀಗೆ ಹೆಚ್ಚು ಹೊತ್ತು ತಡೆದ ಕೋಶದಲ್ಲೇ. ಹಾಗೆ ತಡೆಯದೆ ತೆಗೆದರೆ ಎರಡು ಎಳೆಗಳು ಉದ್ದಕ್ಕೂ ಒತ್ತಿಕೊಂಡು ಒಂದೇ ದಾರವೆನ್ನುವಂತೆ ಕಾಣುತ್ತವೆ. ತೋಳು ಬಿಚ್ಚಿದರೂ ನಡು ಯಾಕೆ ಬಿಡುವುದಿಲ್ಲ? ವರ್ಷಗಟ್ಟಲೆ ನಾವು ಅದನ್ನು ನೋಡಿದೆವು, ಕೇಳಲಿಲ್ಲ.

ಉತ್ತರ ಹೊರಟದ್ದು ಯೀಸ್ಟ್‌ನಿಂದ. 1997ರಲ್ಲಿ ವಿಯೆನ್ನಾದಲ್ಲಿ ಕಿಮ್ ನಾಸ್ಮಿತ್ ಅವರ ಗುಂಪು, ಅಮೆರಿಕದಲ್ಲಿ ಡಗ್ಲಸ್ ಕಾಶ್ಲಂಡ್ ಅವರ ಗುಂಪು ಸೋದರಿ ಎಳೆಗಳನ್ನು ಹಿಡಿದಿಡುವ ಪ್ರೋಟೀನನ್ನು ಗುರುತಿಸಿದವು. ಅದೇ ಕೊಹೆಸಿನ್. ಹಲವು ಪ್ರೋಟೀನುಗಳು ಸೇರಿ ಆದ ಉಂಗುರ ಅದು. ಎರಡೂ ಎಳೆಗಳನ್ನು ಒಳಗಿಟ್ಟುಕೊಂಡು ಹಿಡಿಯುತ್ತದೆ. ಉಂಗುರ ಭದ್ರವಾಗುವುದು ಡಿಎನ್‌ಎ ನಕಲಾಗುವ ಹೊತ್ತಿನಲ್ಲೇ. 1999ರಲ್ಲಿ ನಾಸ್ಮಿತ್ ಗುಂಪೇ ಇನ್ನೊಂದು ತುದಿಯನ್ನೂ ಹಿಡಿಯಿತು: ಸೆಪರೇಸ್ ಎಂಬ ಕಿಣ್ವ ಉಂಗುರದ ಒಂದು ಭಾಗವನ್ನು ಕತ್ತರಿಸುತ್ತದೆ, ಎಳೆಗಳು ಬೇರೆಯಾಗುತ್ತವೆ. ನಾವು ಫೋಟೋದ ಮೇಲೆ ಆಡಿಸುತ್ತಿದ್ದ ಕತ್ತರಿಯಂಥದೇ ಒಂದು ಕತ್ತರಿ ಕೋಶದೊಳಗೂ ಇತ್ತು. ಅದು ಬಾಯಿ ತೆರೆಯುವ ಮೊದಲೇ ನಾವು ಕೋಶವನ್ನು ನಿಲ್ಲಿಸುತ್ತಿದ್ದೆವು.

ಸೆಪರೇಸ್ ಸುಮ್ಮನಿರುವುದು ಸೆಕ್ಯೂರಿನ್ ಎಂಬ ಪ್ರೋಟೀನ್ ಅದನ್ನು ಹಿಡಿದಿರುವುದರಿಂದ. ಎಲ್ಲ ಕ್ರೋಮೋಸೋಮ್‌ಗಳಿಗೂ ಎರಡು ಕಡೆಯ ನೂಲು ಸಿಕ್ಕುವವರೆಗೆ ಕೋಶ ಸೆಕ್ಯೂರಿನ್ನನ್ನು ನಾಶಮಾಡುವುದಿಲ್ಲ. ನೂಲು ಸಿಗದ ಕ್ರೋಮೋಸೋಮ್ ಒಂದೇ ಒಂದು ಉಳಿದರೂ ಅಪ್ಪಣೆ ತಡವಾಗುತ್ತದೆ. ಕೊನೆಯದಕ್ಕೂ ನೂಲು ಸಿಕ್ಕಮೇಲೆ ಸೆಕ್ಯೂರಿನ್ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ, ಸೆಪರೇಸ್ ಬಿಡುಗಡೆಯಾಗುತ್ತದೆ, ಎಲ್ಲ ಜೋಡಿಗಳೂ ಹೆಚ್ಚುಕಡಿಮೆ ಒಟ್ಟಿಗೇ ಬಿಡುತ್ತವೆ. ಅನಾಫೇಸ್ ಶುರುವಾಗುವುದು ಹೀಗೆ. ಕೊಲ್ಸೆಮಿಡ್ ಹಾಕಿದ ಕೋಶದಲ್ಲಿ ನೂಲೇ ಇಲ್ಲ. ಆದ್ದರಿಂದ ಅಪ್ಪಣೆಯೂ ಇಲ್ಲ.

ತೋಳುಗಳ ಕತೆ ಬೇರೆ. ಮನುಷ್ಯರ ಕೋಶಗಳಲ್ಲಿ ಕೊಹೆಸಿನ್ ಎರಡು ಹಂತದಲ್ಲಿ ಹೋಗುತ್ತದೆಂದು 2000ದಲ್ಲಿ ತಿಳಿಯಿತು. ಕ್ರೋಮೋಸೋಮ್ ಗಟ್ಟಿಗೊಳ್ಳುತ್ತಿರುವಾಗಲೇ ತೋಳುಗಳ ಉಂಗುರಗಳಲ್ಲಿ ಬಹುಪಾಲು ಕತ್ತರಿಯಿಲ್ಲದೆ ತೆರೆದುಕೊಂಡು ಜಾರಿಹೋಗುತ್ತವೆ. ನಡುವಿನವನ್ನು ಶುಗೋಶಿನ್ ಎಂಬ ಇನ್ನೊಂದು ಪ್ರೋಟೀನ್ ಕಾಯುತ್ತದೆ. ಅವು ಸೆಪರೇಸ್‌ಗೆ ಮಾತ್ರ ಬಗ್ಗುತ್ತವೆ. ನಮ್ಮ ಸ್ಲೈಡಿನ ಎಕ್ಸ್ ಎಂದರೆ ಮೊದಲ ಹಂತ ಮುಗಿದು ಎರಡನೆಯದು ಬಾರದೇ ನಿಂತ ಕೋಶ.

ಇದು ತಿಳಿದಮೇಲೆ ಸ್ಲೈಡ್ ನೋಡುವ ಕಣ್ಣೇ ಬದಲಾಯಿತು. ಕೆಲವು ಸ್ಲೈಡುಗಳಲ್ಲಿ ನಡುವೂ ಬಿಟ್ಟು ಎಳೆಗಳು ಅಕ್ಕಪಕ್ಕ ಸಮಾನಾಂತರವಾಗಿ ಮಲಗಿರುತ್ತವೆ. ಅಲ್ಲೊಂದು ಇಲ್ಲೊಂದು ಕೋಶವಾದರೆ ತಯಾರಿಯ ಲೋಪವೆಂದು ಮತ್ತೆ ಬೆಳೆಸುತ್ತೇವೆ. ಎರಡನೇ ಸಲವೂ ಹೆಚ್ಚಿನ ಕೋಶಗಳಲ್ಲಿ ಅದೇ ಕಂಡು, 1, 9, 16ನೇ ಕ್ರೋಮೋಸೋಮ್‌ಗಳ ನಡುಭಾಗ ಉಬ್ಬಿದ್ದರೆ ರಾಬರ್ಟ್ಸ್ ಸಿಂಡ್ರೋಮಿನ ಅನುಮಾನ. ಉಂಗುರವನ್ನು ಭದ್ರಪಡಿಸುವ ಜೀನ್ ಕೆಟ್ಟು, ಕೈಕಾಲು ಮೊಟಕಾಗಿ ಹುಟ್ಟುವ ಅಪರೂಪದ ಕಾಯಿಲೆ ಅದು. ಕ್ರೋಮೋಸೋಮ್‌ಗಳ ಲೆಕ್ಕ ಅಲ್ಲಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ತಪ್ಪಿರುವುದು ಹಿಡಿತ.

ಈ ನಡುವೆ ಊರೂ ಕೆಲಸವೂ ಬೇರೆಯಾದವು. ಪಕ್ಕದ ಹಿಂಜವಡಿಯ ಐಟಿ ಪಾರ್ಕ್ ಬೆಳೆದಂತೆ ಜೋಳದ ಹೊಲಗಳಲ್ಲಿ ಗೋಪುರಗಳೆದ್ದವು, ಬೆಳಗಾವಿ, ಧಾರವಾಡ, ಕಲಬುರಗಿಯ ಹುಡುಗ ಹುಡುಗಿಯರು ಬಂದು ನೆಲೆಸಿದರು, ಐವಿಎಫ್ ಕ್ಲಿನಿಕ್ಕುಗಳು ಬಂದವು. ನಮ್ಮಲ್ಲಿ ಕತ್ತರಿಯ ಜಾಗಕ್ಕೆ ಕಂಪ್ಯೂಟರ್ ಬಂತು, ಆಮೇಲೆ ಡಿಎನ್‌ಎಯನ್ನೇ ನೇರ ಎಣಿಸುವ ಯಂತ್ರಗಳು ಬಂದವು. ಗರ್ಭಪಾತದ ಅಂಗಾಂಶವನ್ನು ಹಿಂದೆ ವಾರಗಟ್ಟಲೆ ಬೆಳೆಸುತ್ತಿದ್ದೆವು. ಎಷ್ಟೋ ಸಲ ಬೆಳೆಯುತ್ತಿರಲಿಲ್ಲ, ಬೆಳೆದರೆ ತಾಯಿಯ ಕೋಶಗಳೇ ಬೆಳೆದಿರುತ್ತಿದ್ದವು. ಯಂತ್ರಕ್ಕೆ ಕೋಶ ಬದುಕಿರಬೇಕಾಗಿಲ್ಲ, ಇಬ್ಭಾಗವಾಗುತ್ತಿರಬೇಕಾಗಿಯೂ ಇಲ್ಲ. ಯಾವ ಕ್ರೋಮೋಸೋಮ್ ಹೆಚ್ಚು, ಯಾವುದು ಕಡಿಮೆ ಎಂದು ಹೇಳುತ್ತದೆ. ಆದರೆ ಸೋದರಿ ಎಳೆಗಳು ಕೂಡಿದ್ದವೋ ಬಿಟ್ಟಿದ್ದವೋ ಅದಕ್ಕೆ ಕಾಣದು.

ನಮ್ಮ ಕಟ್ಟಡದಲ್ಲಿದ್ದ ಧಾರವಾಡದ ಕಡೆಯ ಹುಡುಗಿಯೊಬ್ಬಳು ಒಂದು ಸಂಜೆ ತನ್ನ ಗರ್ಭಪಾತದ ವರದಿ ಹಿಡಿದುಕೊಂಡು ಬಂದಳು. ಮೂವತ್ತೆಂಟು ದಾಟಿತ್ತು. 16ನೇ ಕ್ರೋಮೋಸೋಮ್ ಮೂರು ಇದ್ದವೆಂದು ಬರೆದಿತ್ತು. ಗರ್ಭಪಾತದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಟ್ರೈಸೊಮಿ ಅದು.

"ವೈನೀ, ನಾ ಏನರ ತಿನ್ನಬಾರದ್ದು ತಿಂದ್ನೇನ್ರಿ? ಬೈಕ್ ಮ್ಯಾಲೆ ಆಫೀಸಿಗೆ ಹೋಗಿದ್ದಕ್ಕ ಹಿಂಗಾತೇನು?"

"ಇಲ್ಲವ್ವಾ. ಇದು ಗರ್ಭ ನಿಲ್ಲೂಕಿಂತ ಮೊದಲ ಆದದ್ದು. ನಿನ್ನ ಕೈಯಾಗಿಂದಲ್ಲ," ಎಂದೆ.

ಅವಳಿಗೆ ವಿವರಿಸಿದ್ದು ಇಷ್ಟು. ಹೆಣ್ಣಿನ ಅಂಡಕೋಶಗಳಲ್ಲಿ ಡಿಎನ್‌ಎ ನಕಲಾಗಿ ಉಂಗುರ ಬೀಳುವುದು ಆಕೆ ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗ. ಆ ಉಂಗುರಗಳು ಅಂಡ ಬಿಡುಗಡೆಯಾಗುವ ತಿಂಗಳವರೆಗೆ ಹಿಡಿದಿರಬೇಕು. ಇಲಿಗಳಲ್ಲಿ 2010ರಲ್ಲಿ ತೋರಿಸಿದಂತೆ, ನಡುವೆ ಹೊಸ ಉಂಗುರ ಕೂಡಿಸುವ ವ್ಯವಸ್ಥೆ ಇಲ್ಲ. ಅಂಡದ ಮೊದಲ ವಿಭಜನೆಯಲ್ಲಿ ತಾಯಿ-ತಂದೆಯಿಂದ ಬಂದ ಎರಡು ಕ್ರೋಮೋಸೋಮ್‌ಗಳನ್ನು ಒಟ್ಟಿಗಿಡುವುದು ತೋಳಿನ ಉಂಗುರಗಳೇ. ಅವು ವರ್ಷಗಳಲ್ಲಿ ಸವೆದರೆ, ಸೆಪರೇಸ್ ಕತ್ತರಿಸುವ ಮೊದಲೇ ಜೋಡಿ ಸಡಿಲವಾಗುತ್ತದೆ. ಎರಡೂ ಒಂದೇ ಕಡೆಗೆ ಹೋಗಬಹುದು. 16ರ ಟ್ರೈಸೊಮಿ ಬಹುತೇಕ ಈ ವಿಭಜನೆಯಿಂದಲೇ ಬರುತ್ತದೆ. ಡೌನ್ ಸಿಂಡ್ರೋಮ್ ತಾಯಿಗೆ 25ರಲ್ಲಿ ಸುಮಾರು 1,250 ಹೆರಿಗೆಗೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು ಆಗುವುದರ ಹಿಂದೆಯೂ ಈ ಸವೆತದ ದೊಡ್ಡ ಪಾಲಿದೆ.

ಉಂಗುರವನ್ನು ಮತ್ತೆ ಹಾಕುವ ಔಷಧಿ ಇಂದಿಗೂ ಇಲ್ಲ. ಕ್ಲಿನಿಕ್ಕುಗಳು ಭ್ರೂಣದ ಕೆಲವು ಕೋಶ ತೆಗೆದು ಲೆಕ್ಕ ಸರಿಯಿರುವುದನ್ನು ಆರಿಸುತ್ತವೆ. ಅದು ಆಯ್ಕೆಯೇ ಹೊರತು ದುರಸ್ತಿಯಲ್ಲ. ಮೂವತ್ತರಲ್ಲಿ ತೆಗೆದು ಶೈತ್ಯದಲ್ಲಿಟ್ಟ ಅಂಡ ನಲವತ್ತರಲ್ಲಿ ಬಳಸಿದರೂ ಮೂವತ್ತರ ಉಂಗುರಗಳನ್ನೇ ಹೊತ್ತಿರುತ್ತದೆ. ಈ ಲೆಕ್ಕದಲ್ಲಿ ಎಣಿಕೆಗೆ ಬರುವುದು ಅಂಡದ ವಯಸ್ಸು, ಗರ್ಭಕೋಶದ್ದಲ್ಲ. ಹಿಂಜವಡಿಗೆ ಕೆಲಸಕ್ಕೆ ಬರುವ ಹುಡುಗಿಯರಿಗೆ ಇದನ್ನು ವರದಿ ಕೈಗೆ ಬಂದಮೇಲಲ್ಲ, ಇಪ್ಪತ್ತೈದರಲ್ಲೇ ಯಾರಾದರೂ ಹೇಳಬೇಕು.