ಮೂರನೇ ಮಹಡಿಯ ಇನ್ನೂರು ರೂಪಾಯಿ

"ಚೇಚ್ಚೀ, ಲಿಫ್ಟ್ ಇಲ್ಲಲ್ಲೋ. ಮೂನ್ನು ನಿಲ ಕೇರಣಂ. ಇರುನ್ನೂರು ರೂಪ ತರಣಂ."

ಕಾಸರಗೋಡಿನ ನಮ್ಮ ಅತ್ತಿಗೆಗೆ ಪಾರ್ಸೆಲ್ ಹುಡುಗನಿಂದ ಬಂದ ಫೋನು ಇದು. ತರಿಸಿದ್ದು ದೋಸೆ ಹಿಟ್ಟು ಅರೆಯುವ ಗ್ರೈಂಡರ್, ದುಡ್ಡು ಮೊದಲೇ ಕಟ್ಟಿಯಾಗಿತ್ತು. ದಿನವಿಡೀ ಚಂದದ ಮಲಯಾಳ ಮಾತಾಡುವ ಅತ್ತಿಗೆಗೆ ಸಿಟ್ಟು ಬಂದರೆ ಬರುವುದು ಕನ್ನಡವೇ. "ಒಂದ್ ಪೈಸೆ ಕೊಡುದಿಲ್ಲ, ಬೇಕಾದ್ರೆ ವಾಪಸ್ ತಕೊಂಡ್ ಹೋಗು" ಅಂದರು. ಹುಡುಗನಿಗೆ ಅಷ್ಟು ಕನ್ನಡ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಆ್ಯಪಿನಲ್ಲಿ 'ಗ್ರಾಹಕರು ನಿರಾಕರಿಸಿದ್ದಾರೆ' ಎಂದು ಬಂತು.

ಪಾರ್ಸೆಲ್ ಕೈತಪ್ಪುವುದು ಇಲ್ಲಿಯೇ. ಹುಡುಗನ ಫೋನಿನಲ್ಲಿ 'ಹಣ ಕೇಳಿದೆ, ಕೊಡಲಿಲ್ಲ' ಎಂಬ ಗುಂಡಿ ಇರುವುದಿಲ್ಲ. ಬಾಗಿಲು ಹಾಕಿತ್ತು, ಫೋನ್ ಎತ್ತಲಿಲ್ಲ, ಬೇಡ ಅಂದರು, ಇಂಥವೇ ಇರುವುದು. 'ಬೇಡ ಅಂದರು' ಎಂದು ಒತ್ತಿದರೆ ಪೆಟ್ಟಿಗೆ ಸಂಜೆ ಹಬ್‌ಗೆ ಮರಳಿ, ಅಲ್ಲಿಂದ ಮಾರಾಟಗಾರನ ಕಡೆಗೆ ಹೊರಡುತ್ತದೆ. ಹಾಗಾಗಿ ಫೋನಿನಲ್ಲಿ ಕೊಡುತ್ತೇನೆ, ಕೊಡುವುದಿಲ್ಲ ಎಂಬ ಚರ್ಚೆಯೇ ಬೇಡ. "ಮನೆಯಲ್ಲೇ ಇದ್ದೇನೆ, ಪಾರ್ಸೆಲ್ ಬೇಕು" ಎನ್ನಬೇಕು. ಹೊರಲು ಆಗುವಂಥದ್ದಾದರೆ ಇಳಿದು ಹೋಗಿ ತರುವುದೂ ಒಂದು ದಾರಿ.

ಅತ್ತಿಗೆಗೆ ದಾರಿ ತೋರಿಸಿದ್ದು ಎದುರುಮನೆಯ ಮಲಯಾಳಿ ಚೇಚ್ಚಿ. ಆರ್ಡರಿನ ಪುಟದ ಸಹಾಯ ವಿಭಾಗದಲ್ಲಿ ಆಗಲೇ ಬರೆಸಿದರು: ನಾನು ನಿರಾಕರಿಸಿಲ್ಲ, ಮನೆಯಲ್ಲೇ ಇದ್ದೇನೆ, ಮತ್ತೆ ಕಳುಹಿಸಿ. 'ನಿರಾಕರಿಸಿದ್ದಾರೆ' ಎಂದಿದ್ದ ಪರದೆಯ ಸ್ಕ್ರೀನ್‌ಶಾಟನ್ನೂ ತೆಗೆಸಿಟ್ಟರು. ಪೆಟ್ಟಿಗೆ ಇನ್ನೂ ಊರಿನ ಹಬ್‌ನಲ್ಲೇ ಇದ್ದುದರಿಂದ ಮರುದಿನ ತಿರುಗಿ ಬಂತು. ಒಂದೆರಡು ದಿನ ತಡವಾಗಿದ್ದರೆ ಅದು ಎಲ್ಲಿಯೋ ಲಾರಿಯಲ್ಲಿರುತ್ತಿತ್ತು.

ಬಂದವನು ಅದೇ ಹುಡುಗ, ಕೇಳಿದ್ದೂ ಅದೇ ಇನ್ನೂರು. ಅತ್ತಿಗೆ ಈ ಸಲ ಮಲಯಾಳದಲ್ಲೇ, ಮೇಲೆ ಬಾ, ಯುಪಿಐ ಮಾಡುತ್ತೇನೆ ಅಂದರು. ಪೆಟ್ಟಿಗೆ ಒಳಗೆ ಬಂದ ಮೇಲೆ ಒಟಿಪಿ ಹೇಳಿದರು. ಒಟಿಪಿ ಎಂದರೆ ನಾವು ಹಾಕುವ ಸಹಿ. ಕೆಳಗೆ ನಿಂತವನಿಗೆ ಫೋನಿನಲ್ಲಿ ಅದನ್ನು ಹೇಳಿಬಿಟ್ಟರೆ ಪಾರ್ಸೆಲ್ ಮುಟ್ಟಿದೆ ಎಂದು ದಾಖಲಾಗುತ್ತದೆ, ಆಮೇಲೆ ವಾದಿಸಲು ಏನೂ ಉಳಿಯುವುದಿಲ್ಲ. ಹಣ ಕಳಿಸುವಾಗ 'ಮೆಟ್ಟಿಲಿಗೆ ಕೇಳಿದ್ದು' ಎಂದು ಟಿಪ್ಪಣಿ ಬರೆದರು. ನಗದು ಕೊಟ್ಟಿದ್ದರೆ ಯಾವ ಗುರುತೂ ಇರುತ್ತಿರಲಿಲ್ಲ. ಯುಪಿಐಗೆ ಹನ್ನೆರಡು ಅಂಕಿಯ ವ್ಯವಹಾರ ಸಂಖ್ಯೆ ಉಳಿಯುತ್ತದೆ.

ದೂರು ಬರೆದದ್ದು ಗ್ರೈಂಡರಿನ ಕಲ್ಲು, ಡ್ರಮ್ಮು ಎಲ್ಲ ನೋಡಿ, ಒಮ್ಮೆ ತಿರುಗಿಸಿ ಆದ ಮೇಲೆ, ಅದೇ ದಿನ. ದೂರನ್ನು ಫೋನಿನಲ್ಲಿ ಹೇಳಬಾರದು ಎಂಬುದು ನನ್ನ ಅಭಿಪ್ರಾಯ. ಪಿನ್‌ಕೋಡ್ ಕೇರಳದ್ದಾದ ಕಾರಣ ಅತ್ತಿಗೆಗೆ ಬಂದ ಕಂಪನಿಯ ಕರೆ ಮಲಯಾಳದ್ದೇ. ಅವರು ನಯವಾಗಿಯೇ ಮಾತಾಡಿದರು, ಆದರೆ ನಮ್ಮ ದೂರು ಅವರ ಮಾತಿನಲ್ಲಿ 'ಮೆಟ್ಟಿಲಿನ ವಿಷಯದಲ್ಲಿ ಜಗಳ' ಎಂದಷ್ಟಕ್ಕೆ ಇಳಿಯಿತು. ಬರಹದಲ್ಲಿ ಟ್ರ್ಯಾಕಿಂಗ್ ಸಂಖ್ಯೆ, ದಿನಾಂಕ, ಗಂಟೆ, ಮೊತ್ತ, ಯುಪಿಐ ಸಂಖ್ಯೆ ಇದ್ದರೆ ಯಾರೂ ಅದನ್ನು ಜಗಳ ಎನ್ನಲಾರರು. ಹುಡುಗ ಕರೆ ಮಾಡಿದ ನಂಬರ್ ಹೆಚ್ಚಾಗಿ ಕಂಪನಿಯದೇ ಮರೆಮಾಚಿದ ನಂಬರ್, ಅದನ್ನೇ ಸಾಕ್ಷಿಯೆಂದು ನೆಚ್ಚಬಾರದು. ಕರೆ ಬಂದ ಗಂಟೆಯನ್ನು ಬರೆಯಿರಿ.

ಕಾನೂನು ನಮ್ಮ ಕಡೆಗಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸಾಗಾಟ, ನಿರ್ವಹಣೆಯ ಶುಲ್ಕವೆಲ್ಲ ಬೆಲೆಯ ವಿವರದಲ್ಲಿ ಮೊದಲೇ ಕಾಣಬೇಕು. ದೂರು ಮುಟ್ಟಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಆದರೆ ಫ್ರಿಜ್, ವಾಷಿಂಗ್ ಮೆಷಿನ್ ತರಿಸುವವರು ಮಾರಾಟದ ಪುಟವನ್ನು ಪೂರ್ತಿ ಓದಬೇಕು. ಲಿಫ್ಟ್ ಇಲ್ಲದಿದ್ದರೆ ನೆಲಮಹಡಿಯವರೆಗೆ ಮಾತ್ರ ಎಂದು ಅಲ್ಲಿ ಬರೆದಿದ್ದರೆ ನಮ್ಮ ದೂರು ನಿಲ್ಲುವುದು ಕಷ್ಟ. ಖುಷಿಯಿಂದ ಕೊಟ್ಟ ದುಡ್ಡೂ ದೂರಿಗೆ ಬರುವುದಿಲ್ಲ.

ಕೇರಳದಲ್ಲಿ ಸಾಮಾನು ಇಳಿಸುವ ಕೂಲಿಯ ಜಗಳ ಹಳೆಯದು. ನೋಡುತ್ತ ನಿಂತದ್ದಕ್ಕೂ ಕೇಳುತ್ತಿದ್ದ 'ನೋಕ್ಕುಕೂಲಿ'ಯನ್ನು ಸರಕಾರ 2018ರ ಮೇ 1ರಿಂದ ನಿಷೇಧಿಸಿತು. ಈ ಹುಡುಗನನ್ನು ನಾನು ಆ ಸಾಲಿಗೆ ಸೇರಿಸುವುದಿಲ್ಲ. ಪಾರ್ಸೆಲ್ ಲೆಕ್ಕದಲ್ಲಿ ಸಂಬಳ ಸಿಗುವವನಿಗೆ ಮೂರು ಮಹಡಿ ಹತ್ತುವುದೆಂದರೆ ನಿಜವಾಗಿಯೂ ನಷ್ಟ. ಆ ನಷ್ಟವನ್ನು ತುಂಬಿಕೊಡಬೇಕಾದ್ದು ಕಂಪನಿ, ಅತ್ತಿಗೆಯಲ್ಲ. ದೂರಿನಲ್ಲಿ ಆ ಮಾತನ್ನೂ ಬರೆಸಿದೆ.

ಇನ್ನೂರು ರೂಪಾಯಿ ಖಾತೆಗೆ ಮರಳಿತು. ಮರಳದಿದ್ದರೆ ಮುಂದಿನ ಬಾಗಿಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕಂಪನಿ ಕೊಟ್ಟ ದೂರಿನ ಸಂಖ್ಯೆ ಕೈಯಲ್ಲಿರಲಿ. ಅಲ್ಲಿ 17 ಭಾಷೆಗಳಿವೆ, ಕನ್ನಡವೂ ಇದೆ. ಗಡಿಯ ಈಚೆ ಇದ್ದೇವೆಂದು ಸಂಕೋಚಪಡದೆ ಕನ್ನಡವನ್ನೇ ಕೇಳಿ ತೆಗೆದುಕೊಳ್ಳಿ.