ಜ್ಞಾಪನದ ಕೊನೆಯ ಸಾಲು

ಡಿಸೆಂಬರ್ ಹತ್ತಿರ ಬಂತೆಂದರೆ ಕಾರ್ಖಾನೆ, ಬ್ಯಾಂಕು, ಆಸ್ಪತ್ರೆಗಳ ಸಿಬ್ಬಂದಿಯ ಮೊಬೈಲಿಗೆ ಬರುವ ಸಂದೇಶದ ಧಾಟಿ ಎಲ್ಲ ಕಡೆ ಒಂದೇ: ‘ಲೈಂಗಿಕ ಕಿರುಕುಳ ತಡೆ ಕುರಿತ ಕಡ್ಡಾಯ ತರಬೇತಿಯನ್ನು 31ರೊಳಗೆ ಮುಗಿಸಿ. ಲಾಗಿನ್ ಆಗದಿದ್ದರೆ ಈ ನಂಬರಿಗೆ ಕರೆ ಮಾಡಿ.’ ಈ 31ನೇ ತಾರೀಖನ್ನು ಗೊತ್ತುಮಾಡಿದ್ದು ಸಂಸ್ಥೆಯೇ ಹೊರತು ಕಾಯ್ದೆಯಲ್ಲ. 2013ರ ಕಾಯ್ದೆಯ 19ನೇ ಕಲಮು ಆಗಾಗ ಕಾರ್ಯಾಗಾರ ನಡೆಸುತ್ತಿರಬೇಕು ಎನ್ನುತ್ತದೆ, ಅಷ್ಟೆ. ಆದರೆ ಸಂಸ್ಥೆಯ ಆಂತರಿಕ ಸಮಿತಿ ಕ್ಯಾಲೆಂಡರ್ ವರ್ಷಕ್ಕೊಮ್ಮೆ ವರದಿ ಕೊಡಬೇಕು. ಎಷ್ಟು ದೂರು ಬಂದವು ಎಂಬುದರ ಜೊತೆಗೆ ಎಷ್ಟು ಕಾರ್ಯಾಗಾರ ನಡೆದವು ಎಂಬುದನ್ನೂ ಅದರಲ್ಲಿ ತೋರಿಸಬೇಕು. ವರ್ಷದ ಕೊನೆಯ ಅವಸರ ಹುಟ್ಟುವುದು ಇಲ್ಲಿಂದ. ಕಲಿತವರಿಗೆ ಏನು ತಿಳಿಯಿತು ಎಂದು ಆ ವರದಿ ಕೇಳುವುದಿಲ್ಲವಾದ್ದರಿಂದ ಜ್ಞಾಪನವೂ ಆ ಗೋಜಿಗೆ ಹೋಗುವುದಿಲ್ಲ.

ನೌಕರರಿಗೆ ನಿಜಕ್ಕೂ ಬೇಕಾದ ಗಡುವು ಬೇರೆಯೇ ಇದೆ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು; ಕಿರುಕುಳ ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಸಬೇಕು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ತರಬೇತಿಯ ತಾರೀಖು ತಪ್ಪಿದರೆ ಮೇಲಿನವರಿಂದ ಇನ್ನೊಂದು ಜ್ಞಾಪನ ಬಂದೀತು. ಈ ತಾರೀಖು ತಪ್ಪಿದರೆ ಸಮಿತಿಯ ಬಾಗಿಲೇ ಮುಚ್ಚಬಹುದು. ದೊಡ್ಡ ಗಡುವನ್ನು ಬಿಟ್ಟು ಚಿಕ್ಕದನ್ನು ಮಾತ್ರ ನೆನಪಿಸುವ ಜ್ಞಾಪನ ಅರ್ಧ ಕೆಲಸ ಮಾಡಿದಂತೆ. ಕೊನೆಗೆ ಕೊಡುವ ಫೋನ್ ನಂಬರೂ ಹಾಗೆಯೇ: ಪಾಸ್‌ವರ್ಡ್ ಮರೆತವರಿಗೆ ಒಬ್ಬರು ಸಿಗುತ್ತಾರೆ, ದೂರು ಕೊಡಬೇಕಾದವರಿಗೆ ಯಾರೂ ಸಿಗುವುದಿಲ್ಲ.

ಹುಮನಾಬಾದಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಮೂಲಕ ಪ್ಯಾಕಿಂಗ್ ಕೆಲಸಕ್ಕೆ ಬರುವ ಹೆಣ್ಣುಮಗಳೊಬ್ಬಳನ್ನು ತೆಗೆದುಕೊಳ್ಳಿ. ಕಂಪನಿಯ ಇಮೇಲ್ ಇಲ್ಲದ ಆಕೆಗೆ ಜ್ಞಾಪನವೇ ತಲುಪುವುದಿಲ್ಲ. ಆದರೆ ಕಾಯ್ದೆಯ ಕಣ್ಣಲ್ಲಿ ಗುತ್ತಿಗೆಯವರು, ದಿನಗೂಲಿಯವರು, ತರಬೇತಿಗೆ ಬಂದವರು ಎಲ್ಲರೂ ಉದ್ಯೋಗಿಗಳೇ. ಕಾರ್ಖಾನೆಯ ಆಂತರಿಕ ಸಮಿತಿಯ ಮುಂದೆ ಆಕೆ ದೂರಬಹುದು. ಬರೆಯಲು ಬಾರದಿದ್ದರೆ ಬರೆದುಕೊಡಲು ನೆರವಾಗುವುದು ಸಮಿತಿಯ ಹೊಣೆ. ಇನ್ನು ಬಸವಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ಆರು ಜನ ಕೆಲಸಕ್ಕಿದ್ದಾರೆ ಎನ್ನಿ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ಆಂತರಿಕ ಸಮಿತಿ ಇರಬೇಕಾಗಿಲ್ಲ. ಅಲ್ಲಿಯವರ ದೂರು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ದೂರು ಮಾಲೀಕನ ಮೇಲೆಯೇ ಇದ್ದರೆ, ಎಷ್ಟೇ ಜನರಿದ್ದರೂ ಅಲ್ಲಿಗೇ. ಅದಕ್ಕಾಗಿ ಕೂಲಿ ಬಿಟ್ಟು ಬೀದರಿನವರೆಗೆ ಹೋಗಬೇಕೆಂದಿಲ್ಲ. ತಾಲ್ಲೂಕಿಗೂ ಪಟ್ಟಣಕ್ಕೂ ಒಬ್ಬೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕೆಂದು 6ನೇ ಕಲಮು ಹೇಳುತ್ತದೆ. ದೂರು ತೆಗೆದುಕೊಂಡು ಏಳು ದಿನದೊಳಗೆ ಸಮಿತಿಗೆ ಕಳಿಸುವುದು ಆ ಅಧಿಕಾರಿಯ ಕೆಲಸ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ನೇಮಕಗಳನ್ನು ಮಾಡಿ ಮುಗಿಸಿ ಎಂದು ರಾಜ್ಯಗಳಿಗೆ ಗಡುವು ಹಾಕಬೇಕಾಯಿತು. ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲೂ ಹಿಂದೆ ಬಿದ್ದದ್ದು ತರಬೇತಿಯಷ್ಟೇ ಅಲ್ಲ, ದೂರು ತೆಗೆದುಕೊಳ್ಳುವ ವ್ಯವಸ್ಥೆ ಕೂಡ.

ಸಮಿತಿಯವರ ಹೆಸರು, ನಂಬರನ್ನು ಎಲ್ಲರ ಕೈಗೂ ಕೊಟ್ಟರೆ ಸುಳ್ಳು ದೂರುಗಳು ಬರುತ್ತವೆ ಎನ್ನುವವರಿದ್ದಾರೆ. ಮೊದಲನೆಯದಾಗಿ, ಸಮಿತಿ ರಚಿಸಿದ ಆದೇಶವನ್ನು ಕಣ್ಣಿಗೆ ಬೀಳುವ ಜಾಗದಲ್ಲಿ ಹಾಕಬೇಕೆಂದು ಕಾಯ್ದೆಯೇ ಹೇಳಿದೆ. ಹೆಸರು ಗುಟ್ಟಲ್ಲ, ಗುಟ್ಟಾಗಿರಬೇಕಾದದ್ದು ದೂರಿನ ವಿವರ. ಎರಡನೆಯದಾಗಿ, ದುರುದ್ದೇಶದಿಂದ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮಕ್ಕೆ 14ನೇ ಕಲಮಿನಲ್ಲಿ ದಾರಿಯಿದೆ. ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲವೆಂದೂ ಅದೇ ಕಲಮು ಹೇಳುತ್ತದೆ. ಗಡುವು ಹಾಕದಿದ್ದರೆ ಯಾರೂ ತರಬೇತಿ ಮುಗಿಸುವುದಿಲ್ಲ ಎಂಬ ಮಾತಿನಲ್ಲಿ ಮಾತ್ರ ಹುರುಳಿದೆ. ಗಡುವು ಇರಲಿ. ಆದರೆ ಮೊಬೈಲಿನಲ್ಲಿ ‘ಮುಂದೆ’ ಒತ್ತುತ್ತಾ ಹೋಗಿ ಪ್ರಮಾಣಪತ್ರ ಪಡೆದವರನ್ನು ಎಣಿಸಿದರೆ ಸಾಲದು. ದೂರನ್ನು ಯಾರಿಗೆ, ಎಷ್ಟು ದಿನದೊಳಗೆ ಕೊಡಬೇಕೆಂದು ಮಾರನೆಯ ದಿನ ಗೇಟಿನಲ್ಲಿ ನಾಲ್ಕು ಜನರನ್ನು ಕೇಳಿದರೆ ತರಬೇತಿ ನಡೆಯಿತೋ ಇಲ್ಲವೋ ತಿಳಿದುಹೋಗುತ್ತದೆ.

ಹಾಗಾಗಿ ಜ್ಞಾಪನಕ್ಕೆ ಬೇಕಿರುವುದು ಇನ್ನೆರಡು ಸಾಲು: ‘ದೂರಿದ್ದರೆ ಮೂರು ತಿಂಗಳೊಳಗೆ ಕೊಡಿ. ಆಂತರಿಕ ಸಮಿತಿಯ ಅಧ್ಯಕ್ಷೆ ಇವರು, ಹೊರಗಿನ ಸದಸ್ಯರು ಇವರು, ತಾಲ್ಲೂಕಿನ ನೋಡಲ್ ಅಧಿಕಾರಿ ಇವರು. ಮೂವರ ನಂಬರುಗಳು ಇಲ್ಲಿವೆ.’ ಇದನ್ನು ಕನ್ನಡದಲ್ಲಿ ಬರೆದು, ಉರ್ದು, ಮರಾಠಿ ಓದುವವರಿರುವ ಈ ಭಾಗದಲ್ಲಿ ಆ ಭಾಷೆಗಳಲ್ಲೂ ಬರೆದು, ಇಮೇಲ್ ಇಲ್ಲದವರಿಗಾಗಿ ಹಾಜರಿ ಹಾಕುವ ಜಾಗದಲ್ಲಿ ಅಂಟಿಸಬೇಕು. ಲಾಗಿನ್ ತೊಂದರೆಯ ನಂಬರು ಅದರ ಕೆಳಗೆ ಇದ್ದರೆ ಸಾಕು.